ಬೆಳಗಿನ ಹಾಲನ್ನಷ್ಟೇ ಎಣಿಸಿದ ಗೆರೆ

ಬೆಳಿಗ್ಗೆ ಒಂಬತ್ತೂವರೆಗೆ ಹಳ್ಳಿಯೊಂದರ ಹಾಲಿನ ಡೇರಿಯಿಂದ ಕಾರ್ಯದರ್ಶಿ ಫೋನ್ ಮಾಡಿದರು. "ಸಾರ್, ಗ್ರಾಫ್ ನೋಡಿದ್ರಾ? ಹಾಲು ಅರ್ಧಕ್ಕರ್ಧ ಬಿದ್ದೋಗಿದೆ. ಖಾಸಗಿಯವರಿಗೇನಾದ್ರೂ ಹೋಗ್ತಿದೆಯಾ ಅಂತ ಅಧ್ಯಕ್ಷರು ಆಗ್ಲೇ ಎರಡು ಸಲ ಕೇಳಿದ್ರು." ಅವರ ದನಿಯಲ್ಲಿ ಗಾಬರಿಯಿತ್ತು. ಆ ಗ್ರಾಫ್ ಮಾಡಿಕೊಟ್ಟವನು ನಾನು. ತೆರೆದು ನೋಡಿದೆ. ಮೂರು ತಿಂಗಳಿಂದ ಹೆಚ್ಚುಕಡಿಮೆ ಸಮವಾಗಿ ಸಾಗಿ ಬಂದಿದ್ದ ಗೆರೆ ಕೊನೆಯ ಚುಕ್ಕೆಯಲ್ಲಿ ನೆಟ್ಟಗೆ ಕೆಳಕ್ಕೆ ಇಳಿದಿತ್ತು. ಆದರೆ ಊರಿನಲ್ಲಿ ಯಾವ ಹಸುವೂ ಹಾಲು ಕಡಿಮೆ ಮಾಡಿರಲಿಲ್ಲ.

ಡೇರಿಗೆ ಹಾಲು ಬರುವುದು ದಿನಕ್ಕೆ ಎರಡು ಹೊತ್ತು. ಲೆಕ್ಕ ಸುಲಭವಾಗಲೆಂದು ಬೆಳಿಗ್ಗೆ 680 ಲೀಟರ್, ಸಂಜೆ 520 ಲೀಟರ್, ಒಟ್ಟು 1,200 ಎಂದಿಟ್ಟುಕೊಳ್ಳೋಣ. ತೂಕ ಮತ್ತು ಫ್ಯಾಟ್ ನೋಡುವ ಯಂತ್ರದಿಂದ ಪ್ರತಿಯೊಬ್ಬರ ಹಾಲಿನ ಲೆಕ್ಕವೂ ಕಂಪ್ಯೂಟರಿಗೆ ಸೇರುತ್ತದೆ. ಗ್ರಾಫ್ ಗಂಟೆಗೊಮ್ಮೆ ರಿಫ್ರೆಶ್ ಆಗಿ, ಅಲ್ಲಿಯವರೆಗೆ ಬಂದದ್ದನ್ನೆಲ್ಲ ದಿನವಾರು ಕೂಡಿ ಒಂದೊಂದು ಚುಕ್ಕೆ ಇಡುತ್ತದೆ. ನಿನ್ನೆ, ಮೊನ್ನೆಯ ಚುಕ್ಕೆಗಳಲ್ಲಿ ಎರಡು ಹೊತ್ತಿನ ಹಾಲಿದೆ. ಇಂದಿನ ಚುಕ್ಕೆಯಲ್ಲಿ ಇರುವುದು ಬೆಳಗಿನ 680 ಮಾತ್ರ. ಸಂಜೆಯ ಹಾಲು ಇನ್ನೂ ಕೆಚ್ಚಲಿನಲ್ಲೇ ಇದೆ. ಚುಕ್ಕೆಗಳನ್ನು ಗೆರೆಯಿಂದ ಸೇರಿಸುವ ಕಂಪ್ಯೂಟರಿಗೆ ಇದು ಗೊತ್ತಿಲ್ಲ. ಅದು 1,200ರಿಂದ 680ಕ್ಕೆ ಗೆರೆ ಎಳೆಯಿತು. ನೋಡಿದವರಿಗೆ ನೂರಕ್ಕೆ 43ರಷ್ಟು ಕುಸಿತ ಕಂಡಿತು.

ಇದನ್ನು ಗುರುತಿಸುವುದು ಕಷ್ಟವೇನಲ್ಲ. ಅದೇ ಗ್ರಾಫನ್ನು ಸಂಜೆ ಏಳೂವರೆಗೆ ಮತ್ತೆ ನೋಡಿದರೆ ಗೆರೆ ಮೇಲೆದ್ದಿರುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ನಿನ್ನೆ ಕಂಡ ಹಳ್ಳ ತುಂಬಿ, ಹೊಸ ಹಳ್ಳ ಒಂದು ದಿನ ಮುಂದಕ್ಕೆ ಬಂದಿರುತ್ತದೆ. ನಿಜವಾದ ಇಳಿತ ತನ್ನ ತಾರೀಖಿನಲ್ಲೇ ಉಳಿಯುತ್ತದೆ. ಈ ಸುಳ್ಳು ಇಳಿತ ದಿನವೂ ಗೆರೆಯ ತುದಿಯ ಜೊತೆಗೇ ನಡೆಯುತ್ತದೆ.

ಹಾಗಾದರೆ ಒಂದು ಸಲ ತಿಳಿಸಿ ಹೇಳಿದರೆ ಮುಗಿಯಿತಲ್ಲ ಎನ್ನಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಆ ಒಂದು ಚುಕ್ಕೆ ಉಳಿದ ಚುಕ್ಕೆಗಳನ್ನೂ ಕೆಡಿಸುತ್ತದೆ. ಗ್ರಾಫಿನ ಎಡಬದಿಯ ಅಳತೆ ತಾನಾಗಿ ಹಿಗ್ಗಿ 680ಕ್ಕೂ ಜಾಗ ಮಾಡಿಕೊಡುತ್ತದೆ. ಆಗ 1,150 ಮತ್ತು 1,250ರ ನಡುವೆ ನಡೆಯುವ ನಿಜವಾದ ಏರಿಳಿತ, ಅಂದರೆ ಹಸಿಮೇವು ಮುಗಿದಾಗ ಇಳಿದದ್ದು, ಕರು ಹಾಕಿದ ಹಸುಗಳು ಹೆಚ್ಚಾದಾಗ ಏರಿದ್ದು, ಎಲ್ಲವೂ ಚಪ್ಪಟೆಯಾಗಿ ಕಣ್ಣಿಗೆ ಬೀಳುವುದೇ ಇಲ್ಲ. ನೋಡಬೇಕಾದದ್ದೇ ಮರೆಯಾಗುತ್ತದೆ.

ಸರಾಸರಿ ಸೇರಿಸಿದಾಗ ಅಪಾಯ ಇನ್ನೂ ಹೆಚ್ಚು. ದಿನದಿನದ ಏರಿಳಿತ ತಗ್ಗಿಸಲು ಅನೇಕರು ಕಳೆದ ಏಳು ದಿನಗಳ ಸರಾಸರಿಯ ಗೆರೆ ಎಳೆಯುತ್ತಾರೆ. ಆರು ದಿನ 1,200, ಏಳನೆಯ ದಿನ ಅರೆಬರೆ 680. ಕೂಡಿ ಏಳರಿಂದ ಭಾಗಿಸಿದರೆ ಸುಮಾರು 1,126. ಈಗ ಇಳಿತ ನೂರಕ್ಕೆ ಆರು ಮಾತ್ರ. ನೂರಕ್ಕೆ 43 ಬಿದ್ದಿದೆ ಎಂದರೆ ಯಾರಾದರೂ ಅನುಮಾನಪಟ್ಟು ಕೇಳುತ್ತಾರೆ. ನೂರಕ್ಕೆ ಆರು ಇಳಿದಿದೆ ಎಂದರೆ ಬಿಸಿಲಿರಬೇಕು, ಮೇವಿನ ಬೆಲೆಯಿರಬೇಕು ಎಂದು ಕಾರಣ ಹುಡುಕಿಕೊಂಡು ನಂಬಿಬಿಡುತ್ತಾರೆ. ನನಗೆ ದೊಡ್ಡ ಸುಳ್ಳಿಗಿಂತ ಈ ನಂಬುವಂಥ ಸುಳ್ಳೇ ಹೆಚ್ಚು ಭಯ ಹುಟ್ಟಿಸಿದ್ದು.

ಮೊದಲು ಮಾಡಿದ ತಿದ್ದುಪಡಿ ಸರಳವಾದದ್ದು. ಮುಗಿಯದ ದಿನವನ್ನು ಗೆರೆಗೆ ಸೇರಿಸದಿರುವುದು. ಲೆಕ್ಕ ತೆಗೆಯುವ ಆಜ್ಞೆಯಲ್ಲಿ ಒಂದೇ ಸಾಲು ಸಾಕು:

```sql
SELECT milk_date, SUM(litres)
FROM milk_collection
WHERE milk_date < CURRENT_DATE
GROUP BY milk_date
ORDER BY milk_date;
```

ಮೂರನೆಯ ಸಾಲು ಇಂದಿನ ತಾರೀಖಿಗಿಂತ ಹಿಂದಿನದನ್ನಷ್ಟೇ ಕೊಡು ಎನ್ನುತ್ತದೆ. ಇಲ್ಲಿ 'ಇಂದು' ಯಾರ ಗಡಿಯಾರದ್ದು ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ಅನೇಕ ಸರ್ವರ್‌ಗಳ ಗಡಿಯಾರ ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ. ನಮ್ಮಲ್ಲಿ ಬೆಳಿಗ್ಗೆ ಐದೂವರೆ ಆಗುವವರೆಗೆ ಅವಕ್ಕೆ ಇನ್ನೂ ನಿನ್ನೆಯೇ.

ಈ ಸಾಲು ಸೇರಿಸಿದ ಮೇಲೂ ಕೆಲವು ದಿನ ತುದಿಯಲ್ಲಿ ಸಣ್ಣ ಬಾಗು ಉಳಿಯಿತು. ನೆಟ್‌ವರ್ಕ್ ಇಲ್ಲದ ಸಂಜೆ ಯಂತ್ರ ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಂಡು, ಸಂಪರ್ಕ ಬಂದಾಗ ಕಳಿಸುತ್ತಿತ್ತು. ಹೀಗಾಗಿ ನಿನ್ನೆಯ ಲೆಕ್ಕವೂ ಪೂರ್ತಿಯಾಗಿರಲಿಲ್ಲ. ಎಷ್ಟು ದಿನ ಬಿಡಬೇಕೆಂದು ಊಹಿಸುವುದಕ್ಕಿಂತ ಅಳೆಯುವುದೇ ಸರಿ. ಎರಡು ವಾರ, ಪ್ರತಿದಿನ ಬೆಳಿಗ್ಗೆ ಹಿಂದಿನ ನಾಲ್ಕು ದಿನಗಳಿಗೆ ಗ್ರಾಫ್ ತೋರಿಸುವ ಅಂಕಿಯನ್ನು ಪುಸ್ತಕದಲ್ಲಿ ಬರೆದಿಟ್ಟೆ. ಒಂದು ದಿನದ ಅಂಕಿ ಮೊದಲ ಬೆಳಿಗ್ಗೆ 1,140 ಇದ್ದು ಎರಡನೆಯ ಬೆಳಿಗ್ಗೆ 1,200 ಆಗಿ, ಆಮೇಲೆ ಬದಲಾಗದಿದ್ದರೆ, ಲೆಕ್ಕ ಗಟ್ಟಿಯಾಗಲು ಎರಡು ಬೆಳಗು ಬೇಕು ಎಂದರ್ಥ. ಆಗ ಇಂದಿನದರ ಜೊತೆ ನಿನ್ನೆಯದನ್ನೂ ಗೆರೆಯಿಂದ ಹೊರಗಿಡಬೇಕು.

ತಡವಾಗಿ ಬರುವ ಲೆಕ್ಕದ ಈ ತೊಡಕು ಕೋವಿಡ್ ಕಾಲದಲ್ಲಿ ಸ್ವೀಡನ್ನಿನಲ್ಲಿ ಎದ್ದು ಕಂಡಿತು. ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಸಾವುಗಳನ್ನು ವರದಿಯಾದ ದಿನಕ್ಕಲ್ಲ, ಸಾವು ಸಂಭವಿಸಿದ ದಿನಕ್ಕೆ ಸೇರಿಸಿ ತೋರಿಸುತ್ತಿತ್ತು. ವರದಿಗಳು ಹಲವು ದಿನ ತಡವಾಗಿ ಬರುತ್ತಿದ್ದುದರಿಂದ, ಯಾವ ದಿನ ನೋಡಿದರೂ ಗ್ರಾಫಿನ ತುದಿ ಇಳಿಯುತ್ತಿರುವಂತೆಯೇ ಕಾಣುತ್ತಿತ್ತು. ಗೂಗಲ್ ಟ್ರೆಂಡ್ಸ್ ಬೇರೆ ದಾರಿ ಹಿಡಿದಿದೆ. ಮುಗಿಯದ ಅವಧಿಯನ್ನು ಅಳಿಸುವುದಿಲ್ಲ, ಅಷ್ಟು ಭಾಗದ ಗೆರೆಯನ್ನು ಚುಕ್ಕಿಚುಕ್ಕಿಯಾಗಿ ಬಿಡಿಸುತ್ತದೆ. ಇದು ಒಳ್ಳೆಯ ರೂಢಿ. ಆದರೂ ಚುಕ್ಕಿಗೆರೆ ಕೆಳಗಿಳಿದಿದ್ದರೆ ಗಾಬರಿಯ ಕಣ್ಣಿಗೆ ಕಾಣುವುದು ಇಳಿತವೇ.

ಕಾರ್ಯದರ್ಶಿಯವರಿಗೆ ಮಾತ್ರ ಇಂದಿನ ಚುಕ್ಕೆ ತೆಗೆದದ್ದು ಒಪ್ಪಿಗೆಯಾಗಲಿಲ್ಲ. "ಕಾಲುಬಾಯಿ ಜ್ವರ ಬಂದ್ರೆ ನಂಗೆ ಎರಡು ದಿನ ಆದ್ಮೇಲೆ ಗೊತ್ತಾದ್ರೆ ಏನು ಪ್ರಯೋಜನ ಸಾರ್?" ಎಂದರು. ಅವರ ಮಾತು ಸರಿಯಾಗಿತ್ತು. ಅರ್ಧ ದಿನದ ಲೆಕ್ಕ ಸುಳ್ಳಲ್ಲ, ಅದನ್ನು ಇಡೀ ದಿನದ ಲೆಕ್ಕದ ಪಕ್ಕ ನಿಲ್ಲಿಸಿದ್ದು ತಪ್ಪು. ಇಂದಿನ ಬೆಳಗನ್ನು ಹಿಂದಿನ ಬೆಳಗುಗಳ ಜೊತೆ ನಿಲ್ಲಿಸಿದರೆ ಅದೇ ಅಂಕಿ ಉಪಯೋಗಕ್ಕೆ ಬರುತ್ತದೆ. ಹಾಗಾಗಿ ದಿನದ ಒಂದು ಗೆರೆಯ ಬದಲು ಬೆಳಗಿನದೊಂದು, ಸಂಜೆಯದೊಂದು ಎಂದು ಎರಡು ಗೆರೆ ಮಾಡಿದೆವು. ಬೆಳಗಿನ ಚುಕ್ಕೆ ಇಡುವುದು ಬೆಳಗಿನ ಸರದಿ ಮುಗಿದು, ಯಂತ್ರದ ಲೆಕ್ಕ ಪೂರ್ತಿ ಬಂದಿದೆಯೆಂದು ಅವರೇ ನೋಡಿದ ಮೇಲೆ. ಮಧ್ಯೆ ಇಟ್ಟರೆ ಹಳೆಯ ಹಳ್ಳ ಮತ್ತೆ ಬೀಳುತ್ತದೆ, ಏಕೆಂದರೆ ಏಳೂವರೆಗೆ ಸಾಲಿನಲ್ಲಿ ಇನ್ನೂ ಜನ ನಿಂತಿರುತ್ತಾರೆ. ವಾರದ, ತಿಂಗಳ ಲೆಕ್ಕಕ್ಕೆ ಪೂರ್ತಿ ದಿನಗಳ ಗೆರೆ ಬೇರೆಯಾಗಿಯೇ ಉಳಿಯಿತು.

ಈಗ ಒಂಬತ್ತೂವರೆಗೆ ಗ್ರಾಫ್ ತೆರೆದರೆ ಬೆಳಗಿನ ಗೆರೆ 680ರ ಆಸುಪಾಸಿನಲ್ಲಿ ಸಮವಾಗಿರುತ್ತದೆ. ಅದು 545ಕ್ಕೆ ಇಳಿದಿದ್ದರೆ, ಐದರಲ್ಲೊಂದು ಪಾಲು ಹಾಲು ನಿಜವಾಗಿಯೂ ಬಂದಿಲ್ಲ. ಯಾರ ಮನೆಯ ಹಾಲು ಕಡಿಮೆಯಾಗಿದೆ ಎಂದು ಪಟ್ಟಿ ನೋಡಿ, ಸಂಜೆಯ ಕರಾವಿಗೆ ಮೊದಲೇ ಅವರು ಪಶುವೈದ್ಯರಿಗೆ ಫೋನ್ ಮಾಡಬಹುದು.