ಅಂಚು ದಾಟಿದ ಮೇಲಿನ ಆರು ಫ್ರೇಮುಗಳು

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗನು, ನಾನು ಸಂಜೆಯ ಬಿಡುವಿನಲ್ಲಿ ಗೊಡೊ ಎಂಜಿನ್ನಿನಲ್ಲಿ ಕಟ್ಟುತ್ತಿದ್ದ ಪುಟ್ಟ ಆಟವೊಂದನ್ನು ಹತ್ತು ನಿಮಿಷ ಆಡಿ, ಮೂರನೆಯ ಹಳ್ಳದಲ್ಲಿ ಆರೇಳು ಬಾರಿ ಬಿದ್ದು, ಕಡೆಗೆ ಕೀಬೋರ್ಡನ್ನು ನನ್ನ ಕಡೆಗೆ ತಳ್ಳಿ, “ಮಾಮ, ನಾನು ಒತ್ತಿದ್ದೆ, ಅದೇ ಹಾರ್ಲಿಲ್ಲ” ಎಂದನು. ಕೋತಿಯೊಂದು ಕಟ್ಟೆಯಿಂದ ಕಟ್ಟೆಗೆ ಹಾರುತ್ತ ಸಾಗುವ, ಪ್ಲಾಟ್‌ಫಾರ್ಮರ್ ಎಂದು ಕರೆಯಲ್ಪಡುವ ಜಾತಿಯ ಆಟ ಅದು. ಹಾರುವುದೊಂದನ್ನು ಬಿಟ್ಟರೆ ಅದರಲ್ಲಿ ಆಡುವವನಿಗೆ ಬೇರೆ ಕೆಲಸವೇ ಇಲ್ಲ. ಸೋತ ಹುಡುಗನ ನೆಪವೆಂದು ನಾನು ಮೊದಲು ಆ ಮಾತನ್ನು ಅಲ್ಲಗಳೆದೆನಾದರೂ, ರಾತ್ರಿ ಮಲಗುವ ಮುನ್ನ ಪ್ರೋಗ್ರಾಮಿಗೆ ಒಂದು ಸಾಲನ್ನು ಸೇರಿಸಿ, ಹಾರುವ ಗುಂಡಿಯನ್ನು ಒತ್ತಿದಾಗಲೆಲ್ಲ ಕೋತಿಯು ನೆಲವನ್ನು ಬಿಟ್ಟು ಎಷ್ಟು ಫ್ರೇಮುಗಳಾಗಿದ್ದುವು, ಮತ್ತೆ ನೆಲವನ್ನು ಮುಟ್ಟುವುದಕ್ಕೆ ಎಷ್ಟು ಫ್ರೇಮುಗಳು ಉಳಿದಿದ್ದುವು ಎಂಬುದನ್ನು ಬರೆದಿಡುವಂತೆ ಮಾಡಿದೆ. ಮರುದಿನ ನೋಡಿದರೆ ಹುಡುಗನ ಮಾತು ಅಕ್ಷರಶಃ ಸತ್ಯವಾಗಿತ್ತು. ವ್ಯರ್ಥವಾದ ಒತ್ತುಗಳಲ್ಲಿ ಬಹುಪಾಲು, ಅಂಚನ್ನು ದಾಟಿದ ಎರಡನೆಯ, ಮೂರನೆಯ ಅಥವಾ ನಾಲ್ಕನೆಯ ಫ್ರೇಮಿನಲ್ಲಿ ಬಿದ್ದಿದ್ದುವು. ಉಳಿದವು ಇಳಿದು ಬರುವಾಗ ನೆಲಕ್ಕೆ ಮೂರು ನಾಲ್ಕು ಫ್ರೇಮು ಮೊದಲೇ ಬಂದಿದ್ದುವು.

ನನ್ನ ಆಟದಲ್ಲಿ ಒಂದು ಫ್ರೇಮು ಎಂದರೆ ಸೆಕೆಂಡಿನ ಅರವತ್ತನೆಯ ಒಂದು ಭಾಗ. ಇಷ್ಟು ಅಲ್ಪ ಕಾಲದ ತಪ್ಪನ್ನು ಕಣ್ಣಾಗಲಿ ಬೆರಳಾಗಲಿ ಅರಿಯಲಾರದು, ಆದರೆ ಯಂತ್ರವು ಪ್ರತಿಯೊಂದು ಫ್ರೇಮಿನಲ್ಲಿಯೂ “ಕೋತಿಯ ಕಾಲ ಕೆಳಗೆ ನೆಲವಿದೆಯೆ?” ಎಂದು ಕೇಳಿ, ಇಲ್ಲವೆಂದ ಕೂಡಲೆ ಒತ್ತನ್ನು ನಿರ್ದಾಕ್ಷಿಣ್ಯವಾಗಿ ಕಸಕ್ಕೆ ಎಸೆಯುತ್ತದೆ. ತಪ್ಪು ಹೆಚ್ಚಾಗಿ ತಡದ ಕಡೆಗೇ ವಾಲುವುದಕ್ಕೂ ಕಾರಣವುಂಟು. ಅಗಲವಾದ ಹಳ್ಳವನ್ನು ಕಂಡ ಆಟಗಾರನು ಆದಷ್ಟು ದೂರ ಹಾರಬೇಕೆಂಬ ಆಸೆಯಿಂದ ಕಟ್ಟೆಯ ಕಟ್ಟಕಡೆಯ ತುದಿಯವರೆಗೂ ಓಡುತ್ತಾನೆ. ಅವನ ದೃಷ್ಟಿಯು ಕಾಲಿನ ಮೇಲಿರದೆ ಎದುರಿನ ಕಟ್ಟೆಯ ಮೇಲಿರುತ್ತದೆ. ಪರದೆಯು ಚಿತ್ರವನ್ನು ತೋರಿಸುವಷ್ಟರಲ್ಲಿಯೇ ಆಟದೊಳಗಿನ ಕೋತಿಯು ಒಂದೆರಡು ಹೆಜ್ಜೆ ಮುಂದೆ ಹೋಗಿರುತ್ತದೆ. ನನ್ನ ಆಟದಲ್ಲಿ ಇನ್ನೊಂದು ದೋಷವೂ ಸೇರಿಕೊಂಡಿತ್ತು: ಲೆಕ್ಕಕ್ಕೆ ಹಿಡಿಯುವ ಕೋತಿಯ ದೇಹವು 8 ಪಿಕ್ಸೆಲ್ ಅಗಲದ ಪೆಟ್ಟಿಗೆಯಾಗಿದ್ದರೆ, ಬರೆದ ಚಿತ್ರವು 12 ಪಿಕ್ಸೆಲ್ ಅಗಲವಿತ್ತು, ಹೀಗಾಗಿ ಪೆಟ್ಟಿಗೆಯು ಕಟ್ಟೆಯನ್ನು ಬಿಟ್ಟ ಮೇಲೂ ಹಿಂಗಾಲಿನ ಚಿತ್ರವು ಕಟ್ಟೆಯ ಮೇಲೆಯೇ ನಿಂತಂತೆ ತೋರುತ್ತಿತ್ತು.

ಈ ರೋಗಕ್ಕೆ ಆಟ ಕಟ್ಟುವವರು ಬಹುಕಾಲದಿಂದ ಕೊಡುತ್ತ ಬಂದಿರುವ ಮದ್ದಿನ ಹೆಸರು ಕಯೋಟಿ ಟೈಮ್. ಚಕ್ ಜೋನ್ಸರ ವ್ಯಂಗ್ಯಚಲನಚಿತ್ರಗಳಲ್ಲಿ 1949ರಿಂದ ಕಾಣಿಸಿಕೊಂಡ ವೈಲ್ ಈ. ಕಯೋಟಿಯೆಂಬ ಪ್ರಾಣಿಯು, ರೋಡ್‌ರನ್ನರ್ ಹಕ್ಕಿಯ ಬೆನ್ನಟ್ಟಿ ಬೆಟ್ಟದ ಅಂಚನ್ನು ದಾಟಿ ಬರಿಯ ಗಾಳಿಯಲ್ಲಿ ಓಡುತ್ತಿದ್ದು, ಕೆಳಕ್ಕೆ ನೋಡಿ ನೆಲವಿಲ್ಲವೆಂದು ತಿಳಿದ ಮೇಲೆಯೇ ಬೀಳುವುದನ್ನು ನೋಡಿದವರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾದುದಿಲ್ಲ. ಕಟ್ಟೆಯನ್ನು ಬಿಟ್ಟ ಕ್ಷಣದಿಂದ ಒಂದು ಅತ್ಯಲ್ಪ ಅವಧಿಯನ್ನು ಎಣಿಸುತ್ತ, ಅದು ಮುಗಿಯುವುದರೊಳಗೆ ಗುಂಡಿ ಒತ್ತಿದರೆ ನೆಲದ ಮೇಲಿದ್ದಂತೆಯೇ ಹಾರಲು ಬಿಡುವುದು — ಇಷ್ಟೇ ಅದರ ಹುರುಳು.

ಅವಧಿ ಎಷ್ಟಿರಬೇಕೆಂಬುದಕ್ಕೆ ನಾನು ಮಾದರಿಯಾಗಿ ಹಿಡಿದದ್ದು, ಮ್ಯಾಡಿ ಥಾರ್ಸನ್, ನೋಯೆಲ್ ಬೆರಿ ಮತ್ತು ಅವರ ಜೊತೆಗಾರರು 2018ರಲ್ಲಿ ಹೊರತಂದ ಸೆಲೆಸ್ಟ್ ಆಟವನ್ನು. ಮ್ಯಾಡೆಲಿನ್ ಎಂಬ ಹುಡುಗಿಯು ಬೆಟ್ಟವನ್ನು ಏರುವ ಆ ಆಟವು ಕಠಿಣವೆಂದು ಹೆಸರಾದದ್ದು. ಆದರೂ ಅದರ ಮೇಲೆ “ಒತ್ತಿದ್ದೆ, ಹಾರಲಿಲ್ಲ” ಎಂಬ ದೂರನ್ನು ನಾನು ಕೇಳಿಲ್ಲ. ನಾಯಕಿಯ ಚಲನವಲನದ ಕೋಡನ್ನು ಅದನ್ನು ಕಟ್ಟಿದವರೇ ಸಾರ್ವಜನಿಕರ ಮುಂದಿಟ್ಟಿರುವುದರಿಂದ ಅಂಕಿಗಳನ್ನು ಊಹಿಸಬೇಕಾದ ಕಷ್ಟವಿಲ್ಲ. ಆಟದ ಲೋಕವು 320 ಪಿಕ್ಸೆಲ್ ಅಗಲ, 180 ಪಿಕ್ಸೆಲ್ ಎತ್ತರ. ಓಟದ ವೇಗ ಸೆಕೆಂಡಿಗೆ 90 ಪಿಕ್ಸೆಲ್. ಅಂಚು ದಾಟಿದ ಮೇಲಿನ ಕೃಪಾವಧಿ, ಅಂದರೆ `JumpGraceTime`, 0.1 ಸೆಕೆಂಡು. ಎಂದರೆ ಆರು ಫ್ರೇಮು. ಪೂರ್ಣ ವೇಗದಲ್ಲಿ ಓಡುವವಳಿಗೆ 9 ಪಿಕ್ಸೆಲ್, ಅಥವಾ ಒಂದು ಇಟ್ಟಿಗೆಗಿಂತ ತುಸು ಹೆಚ್ಚು. ನಾನು ಇವೇ ಅಂಕಿಗಳನ್ನು ಸಂಕೋಚವಿಲ್ಲದೆ ಎತ್ತಿಕೊಂಡೆ. ನನ್ನ ದಾಖಲೆಯ ನಾಲ್ಕನೆಯ ಫ್ರೇಮಿನ ತಪ್ಪುಗಳು ಇದರೊಳಗೆ ಸಲೀಸಾಗಿ ಅಡಗಿದುವು.

ಆದರೆ ಅಂಕಿಯನ್ನು ಎತ್ತಿಕೊಂಡಷ್ಟು ಸುಲಭವಾಗಿ ವಿವೇಕವನ್ನು ಎತ್ತಿಕೊಳ್ಳಲಾಗದು. ಕೃಪಾವಧಿಯಲ್ಲಿಯೂ ಗುರುತ್ವಾಕರ್ಷಣೆಯು ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲವಷ್ಟೆ; ಅದರ ಬಲವು ಸೆಕೆಂಡಿಗೆ ಸೆಕೆಂಡಿಗೆ 900 ಪಿಕ್ಸೆಲ್ ಆಗಿರುವಲ್ಲಿ, 0.1 ಸೆಕೆಂಡು ಕಳೆಯುವಷ್ಟರಲ್ಲಿ ಕೋತಿಯು ನಾಲ್ಕೂವರೆ ಪಿಕ್ಸೆಲ್ ಕೆಳಗಿಳಿದು, ಸೆಕೆಂಡಿಗೆ 90 ಪಿಕ್ಸೆಲ್ ವೇಗದಲ್ಲಿ ಬೀಳುತ್ತಿರುತ್ತದೆ. ಹಾರುವ ವೇಗ ಮೇಲ್ಮುಖವಾಗಿ 105. ನಾನು ಮೊದಲ ದಿನ ಅವಿವೇಕದಿಂದ ಈ 105ನ್ನು ಇದ್ದ ವೇಗಕ್ಕೆ ಕೂಡಿಸಿದೆ. 90 ಕೆಳಕ್ಕೆ, 105 ಮೇಲಕ್ಕೆ, ಉಳಿದದ್ದು ಹದಿನೈದು. ಕೋತಿಯು ನಿದ್ದೆಯಲ್ಲಿ ಬೆಚ್ಚಿದಂತೆ ಒಮ್ಮೆ ಮಿಸುಕಿ ಹಳ್ಳಕ್ಕೆ ಬಿತ್ತು. ಕೂಡಿಸುವುದಕ್ಕೆ ಬದಲಾಗಿ, ಇದ್ದ ವೇಗವನ್ನು ಅಳಿಸಿ ಅದರ ಸ್ಥಾನದಲ್ಲಿ 105ನ್ನು ಇಡಬೇಕು; ಆಗ ತಡವಾಗಿ ಹಾರಿದವನು ನಾಲ್ಕೂವರೆ ಪಿಕ್ಸೆಲ್ ಎತ್ತರವನ್ನು ಮಾತ್ರ ಕಳೆದುಕೊಳ್ಳುತ್ತಾನೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಅವಸರದ ತಪ್ಪು. ನೆಲ ಮುಟ್ಟುವ ಮುನ್ನವೇ ಒತ್ತಿದವನ ಒತ್ತನ್ನು ಎಸೆಯದೆ ಸ್ವಲ್ಪ ಹೊತ್ತು ನೆನಪಿಟ್ಟುಕೊಂಡು, ಕಾಲು ನೆಲಕ್ಕೆ ತಾಗಿದ ಫ್ರೇಮಿನಲ್ಲಿಯೇ ಅದನ್ನು ನಡೆಸಿಕೊಡುವುದು ಇನ್‌ಪುಟ್ ಬಫರಿಂಗ್. ಸೆಲೆಸ್ಟ್ ಅದಕ್ಕೆ ಇಟ್ಟಿರುವ ಅವಧಿ 0.08 ಸೆಕೆಂಡು, ಸುಮಾರು ಐದು ಫ್ರೇಮು. ಬೀಳುವ ಸಾಮಾನ್ಯ ಗರಿಷ್ಠ ವೇಗವಾದ 160ರಲ್ಲಿ ಇದು ನೆಲದಿಂದ ಹದಿಮೂರು ಪಿಕ್ಸೆಲ್ ಮೇಲಿದ್ದಾಗಲೇ ಒತ್ತಿದ್ದನ್ನು ಕ್ಷಮಿಸಿದಂತೆ. ಎರಡನ್ನೂ ಕೂಡಿಸಿದ ಕೋಡು ಹೀಗಿದೆ. ಗೊಡೊದಲ್ಲಿ ಮೇಲ್ಮುಖವಾದ ವೇಗಕ್ಕೆ ಋಣಚಿಹ್ನೆಯೆಂಬುದನ್ನು ನೆನಪಿಟ್ಟು ಓದಬೇಕು.

```
if on_ground and velocity.y >= 0:
    coyote = 0.1
else:
    coyote -= delta

if Input.is_action_just_pressed("jump"):
    buffer = 0.08
else:
    buffer -= delta

if buffer > 0 and coyote > 0:
    velocity.y = -105
    buffer = 0
    coyote = 0
```

ಇದರ ಸೊಗಸು ಕಡೆಯ ಷರತ್ತಿನಲ್ಲಿದೆ: ಅಲ್ಲಿ ನೆಲದ ಮಾತೂ ಇಲ್ಲ, ಗುಂಡಿಯ ಮಾತೂ ಇಲ್ಲ, “ಇತ್ತೀಚೆಗೆ ನೆಲದ ಮೇಲಿದ್ದನೆ, ಇತ್ತೀಚೆಗೆ ಒತ್ತಿದನೆ” ಎಂಬ ಎರಡು ನೆನಪುಗಳು ಒಂದಾದರೆ ಹಾರಾಟ. ಇದರ ಅಪಾಯವಿರುವುದು ಕೊನೆಯ ಎರಡು ಸಾಲುಗಳನ್ನು ಮರೆಯುವುದರಲ್ಲಿ. ನಾನು ಮರೆತಿದ್ದೆ. ಗುಂಡಿಯ ಮೇಲೆ ತಮಟೆ ಬಾರಿಸುವಂತೆ ಬಡಿಯುವ ಅಭ್ಯಾಸವಿದ್ದ ನಮ್ಮ ಹುಡುಗನು ಅರ್ಧ ಗಂಟೆಯೊಳಗೆ ಗಾಳಿಯಲ್ಲಿಯೇ ಇನ್ನೊಮ್ಮೆ ಹಾರಿ, ನಾನು ಎರಡು ದಿನ ಕುಳಿತು ಕಟ್ಟಿದ್ದ ಗೋಡೆಯನ್ನು ದಾಟಿ ಆಚೆಗೆ ಹೋಗಿದ್ದನು: ಮೊದಲ ಹಾರಾಟದ ಬಳಿಕವೂ ಕೃಪಾವಧಿಯು ಉಳಿದಿದ್ದುದರಿಂದ ಎರಡನೆಯ ಒತ್ತಿಗೂ ಅದು ಒದಗಿಬಂದಿತ್ತು. ಅವಧಿಗಳನ್ನು ಸೊನ್ನೆ ಮಾಡಿದ ಮೇಲೂ ಆ ಪವಾಡವು ಅಪರೂಪಕ್ಕೊಮ್ಮೆ ಮರುಕಳಿಸಿತು. ಹುಡುಕಿ ನೋಡಿದಾಗ, ನೆಲವನ್ನು ತಡಕಲು ನಾನು ಕೋತಿಯ ಕಾಲಿನಿಂದ 4 ಪಿಕ್ಸೆಲ್ ಕೆಳಕ್ಕೆ ಒಂದು ಕಿರಣವನ್ನು ಬಿಟ್ಟಿದ್ದುದು ಕಾರಣವೆಂದು ತಿಳಿಯಿತು. 105ರ ವೇಗದಲ್ಲಿ ಒಂದು ಫ್ರೇಮಿಗೆ ಏರುವುದು ಎರಡು ಪಿಕ್ಸೆಲ್‌ಗಿಂತ ಕಡಮೆ. ಆದುದರಿಂದ ಹಾರಿದ ಮೇಲೂ ಎರಡು ಫ್ರೇಮುಗಳವರೆಗೆ ಕಿರಣವು ನೆಲವನ್ನು ಮುಟ್ಟುತ್ತಲೇ ಇದ್ದು, ಬರಿದಾದ ಕೃಪಾವಧಿಯನ್ನು ಮತ್ತೆ ತುಂಬಿಸುತ್ತಿತ್ತು. ಮೇಲೇರುತ್ತಿರುವಾಗ ನೆಲವನ್ನು ಕೇಳಲೇಬಾರದೆಂಬ ಮೊದಲ ಸಾಲಿನ ಷರತ್ತು ಆಮೇಲೆ ಬಂದದ್ದು. ಸೆಲೆಸ್ಟಿನ ಕೋಡಿನಲ್ಲಿಯೂ ಈ ಎಚ್ಚರವುಂಟು.

ಬಫರಿಂಗಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗುಂಡಿಯನ್ನು ಎಷ್ಟು ಹೊತ್ತು ಹಿಡಿದರೆ ಅಷ್ಟು ಎತ್ತರ ಹಾರುವಂತಿರುವ ಆಟದಲ್ಲಿ, ಗಾಳಿಯಲ್ಲಿದ್ದಾಗಲೇ ತಟ್ಟಿ ಬಿಟ್ಟ ಒತ್ತಿನ ಗತಿಯೇನು? ನೆಲ ಮುಟ್ಟುವ ವೇಳೆಗೆ ಬೆರಳು ಮೇಲೆದ್ದಿರುವುದರಿಂದ ನನ್ನ ಕೋತಿಯು ಗಿಡ್ಡದೊಂದು ನೆಗೆತವನ್ನು ನೆಗೆಯುತ್ತದೆ. ಸೆಲೆಸ್ಟಿನಲ್ಲಾದರೋ ಬೆರಳನ್ನು ಎತ್ತಿದೊಡನೆ ನೆನಪೇ ಅಳಿದುಹೋಗುತ್ತದೆ. ಒತ್ತಿ ಹಿಡಿದುಕೊಂಡವನಿಗೆ ಮಾತ್ರ ಹಾರಾಟ. ಅಳತೆಯರಿತು ಆಡುವವರ ಆಟಕ್ಕೆ ಅದೇ ಸರಿಯಾದ ನಿಯಮ; ಬೇಡದ ಗಿಡ್ಡ ನೆಗೆತವು ಮುಳ್ಳಿನ ಮೇಲೆ ಬೀಳಿಸುವುದಕ್ಕಿಂತ ಹಾರದಿರುವುದು ಲೇಸು. ಮಕ್ಕಳು ಆಡುವ ನನ್ನ ಆಟದಲ್ಲಿ ಗಿಡ್ಡ ನೆಗೆತವನ್ನೇ ಉಳಿಸಿಕೊಂಡೆ, ಏಕೆಂದರೆ ಮಕ್ಕಳು ಹಿಡಿಯುವುದಿಲ್ಲ, ತಟ್ಟುತ್ತಾರೆ.

ಔದಾರ್ಯ ಒಳ್ಳೆಯದೆಂದು ಅವಧಿಯನ್ನು ಬೆಳೆಸುತ್ತ ಹೋದರೆ ಏನಾದೀತೆಂದು ನೋಡುವ ಕುತೂಹಲದಿಂದ ಒಂದು ಸಂಜೆ ಕಯೋಟಿಯನ್ನು 0.25 ಸೆಕೆಂಡಿಗೆ ಏರಿಸಿದೆ. ಕೋತಿಯು ಅಂಚಿನಿಂದ 22 ಪಿಕ್ಸೆಲ್ ಮುಂದಕ್ಕೂ 25ಕ್ಕೂ ಹೆಚ್ಚು ಪಿಕ್ಸೆಲ್ ಕೆಳಕ್ಕೂ ಹೋದ ಮೇಲೆ, ಎಂದರೆ ನೋಡುವವರೆಲ್ಲ ಅದು ಬಿದ್ದಿತೆಂದು ನಿಶ್ಚಯಿಸಿದ ಮೇಲೆ, ನಡುಗಾಳಿಯಿಂದ ಚಿಮ್ಮಿತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ನಮ್ಮಕ್ಕ ನಕ್ಕುಬಿಟ್ಟಳು. ಅಲ್ಲದೆ, ದಾಟಲಾಗದೆಂದು ನಾನು ಅಳೆದು ಇಟ್ಟಿದ್ದ ಹಳ್ಳಗಳೆಲ್ಲ ದಾಟುವಂತಾದುವು. ಕೃಪಾವಧಿಯನ್ನು ಬದಲಿಸಿದವನು ಪ್ರತಿಯೊಂದು ಹಳ್ಳವನ್ನೂ ಹೊಸದಾಗಿ ಅಳೆಯಲೇಬೇಕು. ಅವಧಿಯನ್ನು ಫ್ರೇಮುಗಳಲ್ಲಿ ಎಣಿಸದೆ ಸೆಕೆಂಡುಗಳಲ್ಲಿ ಎಣಿಸುವುದೂ ಅವಶ್ಯ. ಪರದೆಯ ವೇಗಕ್ಕೆ ತಕ್ಕಂತೆ ಓಡುವ ಆಟದಲ್ಲಿ ಆರು ಫ್ರೇಮೆಂದು ಬರೆದರೆ, ಸೆಕೆಂಡಿಗೆ 120 ಚಿತ್ರ ತೋರಿಸುವ ಪರದೆಯ ಮೇಲೆ ಅದು ಅರ್ಧಕ್ಕೆ ಇಳಿಯುತ್ತದೆ.

ಹುಡುಗನು ಊರಿಗೆ ಹಿಂತಿರುಗುವ ಮುನ್ನಾದಿನ ಮತ್ತೆ ಆಡಿ, ಅದೇ ಮೂರನೆಯ ಹಳ್ಳದಲ್ಲಿ ಎರಡು ಬಾರಿ ಬಿದ್ದು, “ಛೆ, ತಡ ಆಯ್ತು” ಎಂದುಕೊಂಡು ಮೂರನೆಯ ಬಾರಿಗೆ ದಾಟಿದನು. ಪ್ಲಾಟ್‌ಫಾರ್ಮರ್ ಕಟ್ಟುತ್ತಿರುವ ಓದುಗರು ಯಾರಾದರೂ ಇದ್ದರೆ, 0.1, 0.08 ಎಂಬ ಅಂಕಿಗಳನ್ನು ನನ್ನಿಂದಾಗಲಿ ಸೆಲೆಸ್ಟಿನಿಂದಾಗಲಿ ಎತ್ತಿಕೊಳ್ಳುವ ಮೊದಲು, ಆಟವನ್ನು ಎಂದೂ ಕಾಣದ ಒಬ್ಬರ ಕೈಗೆ ಕೊಟ್ಟು, ಅವರ ವ್ಯರ್ಥವಾದ ಒತ್ತುಗಳು ಯಾವ ಫ್ರೇಮಿನಲ್ಲಿ ಬೀಳುತ್ತವೆಂಬುದನ್ನು ದಯವಿಟ್ಟು ಬರೆದಿಟ್ಟು ನೋಡಿ.