ದಾಸವಾಳದ ಕಡ್ಡಿಗಳ ಮೇಲಿನ ಬಿಳಿ ಹಿಟ್ಟುತಿಗಣೆಯೂ ಅದರ ನಿವಾರಣೆಯ ಕ್ರಮವೂ

ಮೈಸೂರು ಸೀಮೆಯ ರೇಷ್ಮೆ ಹಳ್ಳಿಗಳಲ್ಲಿ ಮನೆಯ ಮುಂದೆಯೂ ತೋಟದ ಬೇಲಿಯಲ್ಲಿಯೂ ದಾಸವಾಳವನ್ನು ನೆಟ್ಟಿರುವುದು ಸಾಮಾನ್ಯವಾಗಿದೆ. ಬೇಸಿಗೆ ಬಂದೊಡನೆ ಈ ಗಿಡಗಳ ಎಳೆಯ ಕಡ್ಡಿಗಳ ಮೇಲೆ, ಎಲೆಯ ತೊಟ್ಟಿನ ಸಂದುಗಳಲ್ಲಿ, ಮೊಗ್ಗಿನ ಬುಡದಲ್ಲಿ ಹತ್ತಿಯನ್ನು ಹಿಂಜಿ ಅಂಟಿಸಿದಂತೆ ಬಿಳಿಯ ಗೊಂಚಲುಗಳು ಕಾಣಿಸಿಕೊಳ್ಳುತ್ತವೆ. ಅನೇಕರು ಇದನ್ನು ಬೂಷ್ಟೆಂದು ತಿಳಿದು, ಮಳೆ ಬಂದರೆ ತಾನಾಗಿ ಹೋಗುವುದೆಂದು ಸುಮ್ಮನಿರುತ್ತಾರೆ. ಅದು ಬೂಷ್ಟಲ್ಲ, ಗಿಡದ ರಸವನ್ನು ಹೀರಿ ಬದುಕುವ ಹಿಟ್ಟುತಿಗಣೆಯೆಂಬ ಕೀಟ. ದಾಸವಾಳದ ನಷ್ಟವೊಂದೇ ಆಗಿದ್ದರೆ ಈ ಮಾತನ್ನು ಇಷ್ಟು ವಿಸ್ತರಿಸಬೇಕಾಗಿರಲಿಲ್ಲ. ಆದರೆ ದಾಸವಾಳವನ್ನು ಹಿಡಿಯುವ ಕೆಂಬಣ್ಣದ ಹಿಟ್ಟುತಿಗಣೆಯೇ ಹಿಪ್ಪುನೇರಳೆಯಲ್ಲಿ ಟುಕ್ರ ರೋಗವನ್ನು ಉಂಟುಮಾಡತಕ್ಕದ್ದು. ಬೇಲಿಯಲ್ಲಿ ಉಳಿದ ತಿಗಣೆ ತೋಟಕ್ಕೆ ದಾಟುವುದಕ್ಕೆ ಒಂದು ಗಾಳಿ ಸಾಕು.

ಅನುಮಾನವಿದ್ದಲ್ಲಿ ಪರೀಕ್ಷಿಸುವುದು ಸುಲಭ. ಒಂದು ಗೊಂಚಲನ್ನು ಕಡ್ಡಿಯ ತುದಿಯಿಂದ ಕೆದಕಿ, ಬಿಳಿಯ ಕಾಗದದ ಮೇಲಿಟ್ಟು ಅರೆಯಬೇಕು. ಬೂಷ್ಟಾದರೆ ಪುಡಿಯಾಗಿ ಉದುರುವುದು. ತಿಗಣೆಯಾದರೆ ಕಾಗದ ಒದ್ದೆಯಾಗಿ ಕೆಂಪುಛಾಯೆಯ ಕಲೆ ಬೀಳುವುದು. ಹತ್ತಿಯ ಒಳಗೆ ಗುಲಾಬಿ ಬಣ್ಣದ ಸಣ್ಣ ಮೊಟ್ಟೆಗಳೂ ಕಾಣುವುವು. ಒಳಗಿನ ಹುಳುವೂ ಮೊಟ್ಟೆಯೂ ಹಳದಿಯಾಗಿದ್ದರೆ ಅದು ಪರಂಗಿಯ ಹಿಟ್ಟುತಿಗಣೆಯಾಗಿರಬಹುದು. ಆ ವಿಷಯವನ್ನು ಮುಂದೆ ಹೇಳಿದೆ. ಕೆಂಬಣ್ಣದ ತಿಗಣೆಗೆ ಮತ್ತೊಂದು ಗುರುತುಂಟು. ಅದು ರಸ ಹೀರುವಾಗ ತನ್ನ ಜೊಲ್ಲಿನೊಡನೆ ಒಂದು ಬಗೆಯ ನಂಜನ್ನು ಗಿಡದೊಳಕ್ಕೆ ಬಿಡುವುದರಿಂದ, ಕುಡಿಯ ಎಲೆಗಳು ಮುದುಡಿ ದಪ್ಪವಾಗಿ, ಗೆಣ್ಣುಗಳ ನಡುವಿನ ಅಂತರ ಕುಗ್ಗಿ, ತುದಿಯೆಲ್ಲ ಮುಷ್ಟಿ ಹಿಡಿದಂತೆ ಗುಂಪಾಗುತ್ತದೆ. ಹಿಪ್ಪುನೇರಳೆಯ ಟುಕ್ರವೂ ಇದೇ ಆಕಾರ. ಹುಳು ಸಾಕುವವರು ಇದನ್ನು ಕಂಡವರೇ ಆಗಿದ್ದಾರೆ.

ನಿವಾರಣೆಯ ಕ್ರಮವನ್ನು ಹೇಳುವ ಮೊದಲು ಕೀಟದ ಜೀವನವನ್ನು ಸ್ವಲ್ಪ ತಿಳಿಯಬೇಕು. ಇದನ್ನು ತಿಳಿಯದೆ ಔಷಧಿ ಹೊಡೆದವರ ಶ್ರಮ ಬಹುಮಟ್ಟಿಗೆ ವ್ಯರ್ಥವಾಗುತ್ತದೆ. ಹೆಣ್ಣು ತಿಗಣೆ ಮೂರು ಮಿಲಿಮೀಟರಿನಷ್ಟು ಉದ್ದವಿದ್ದು, ಮೈಮೇಲೆ ಮೇಣದ ಹಿಟ್ಟನ್ನು ಹೊದ್ದಿರುತ್ತದೆ. ಅದು ಹತ್ತಿಯಂಥ ಚೀಲವನ್ನು ನೆಯ್ದು ಅದರಲ್ಲಿ ನೂರಾರು ಮೊಟ್ಟೆಗಳನ್ನು ಇಡುವುದು. ಮೊಟ್ಟೆಗಳು ಸುಮಾರು ಒಂದು ವಾರದಲ್ಲಿ ಒಡೆದು, ಕಣ್ಣಿಗೆ ಕಷ್ಟದಿಂದ ಕಾಣುವಷ್ಟು ಸಣ್ಣ ಮರಿಗಳು ಹೊರಟು ಹರಿದಾಡುತ್ತವೆ. ಬೇಸಿಗೆಯಲ್ಲಿ ಈ ಮರಿಗಳು ಬೆಳೆದು ತಾವೇ ಮೊಟ್ಟೆಯಿಡುವುದಕ್ಕೆ ಒಂದು ತಿಂಗಳು ಸಾಕಾಗುತ್ತದೆ. ಹತ್ತಿಯ ಚೀಲದೊಳಗಿನ ಮೊಟ್ಟೆಗೆ ನೀರೂ ತಾಗದು, ಔಷಧಿಯೂ ತಾಗದು. ಮೇಣ ಹೊದ್ದ ದೊಡ್ಡ ತಿಗಣೆಯ ಮೇಲಿಂದಲೂ ಸಿಂಪಡಿಸಿದ ದ್ರವ ಜಾರಿಹೋಗುವುದು. ಮೇಣವಿಲ್ಲದ ಎಳೆಯ ಮರಿಗಳು ಮಾತ್ರ ಸೋಪಿನ ನೀರಿಗೆ ಕೂಡಲೇ ಸಾಯುತ್ತವೆ. ಆದುದರಿಂದ ದೊಡ್ಡವುಗಳನ್ನೂ ಮೊಟ್ಟೆಚೀಲಗಳನ್ನೂ ಕೈಯಿಂದ ತೆಗೆಯುವುದು, ಉಳಿದ ಮೊಟ್ಟೆಗಳು ಒಡೆದಂತೆಲ್ಲ ಮರಿಗಳನ್ನು ಸೋಪಿನ ನೀರಿನಿಂದ ಕೊಲ್ಲುವುದು, ಇದೇ ಈ ಕ್ರಮದ ತಿರುಳು.

ಒಂದು ಉದಾಹರಣೆಯಿಂದ ಇದನ್ನು ವಿವರಿಸಬಹುದು. ಹಿಪ್ಪುನೇರಳೆ ತೋಟದ ಒಂದು ಬದಿಗೆ ಆಳೆತ್ತರದ ಇಪ್ಪತ್ತು ದಾಸವಾಳದ ಗಿಡಗಳ ಬೇಲಿಯಿದ್ದು, ಏಪ್ರಿಲ್ ತಿಂಗಳಲ್ಲಿ ಅದರ ಅರ್ಧದಷ್ಟು ಗಿಡಗಳಲ್ಲಿ ಬಿಳಿ ಗೊಂಚಲು ಕಂಡಿತೆಂದು ಇಟ್ಟುಕೊಳ್ಳೋಣ.

ಮೊದಲನೆಯ ದಿನ ಬೆಳಿಗ್ಗೆ ಗಾಳಿಯೇಳುವುದಕ್ಕೆ ಮುಂಚೆ ಕತ್ತರಿಸುವ ಕೆಲಸ ನಡೆಯಬೇಕು. ಮುದುಡಿದ ಕುಡಿಗಳನ್ನೂ ಗೊಂಚಲು ದಟ್ಟವಾಗಿರುವ ಕಡ್ಡಿಗಳನ್ನೂ, ರೋಗ ಕಾಣುವ ಜಾಗಕ್ಕಿಂತ ಒಂದು ಗೇಣು ಕೆಳಗೆ ಕತ್ತರಿಸತಕ್ಕದ್ದು. ಕತ್ತರಿಸುವ ಮೊದಲೇ ಕಡ್ಡಿಯ ಕೆಳಗೆ ಗೋಣಿಚೀಲದ ಬಾಯಿಯನ್ನು ಹಿಡಿದಿರಬೇಕು. ನೆಲಕ್ಕೆ ಉದುರಿದ ಮರಿಗಳು ಮತ್ತೆ ಗಿಡವನ್ನೇರುತ್ತವೆ. ತುಂಬಿದ ಚೀಲವನ್ನು ಹಿಪ್ಪುನೇರಳೆ ಸಾಲುಗಳ ನಡುವೆ ಹೊತ್ತುಕೊಂಡು ಹೋಗಲೇಕೂಡದು. ಬೇಲಿಯ ಹೊರಮಗ್ಗುಲಲ್ಲಿಯೇ ಒಣ ಹುಲ್ಲನ್ನು ಹಾಕಿ ಸುಟ್ಟುಬಿಡುವುದು ಉತ್ತಮ. ಗೊಬ್ಬರದ ಗುಂಡಿಗೆ ಎಸೆಯುವುದು, ಕಾಲುವೆಗೆ ಬಿಡುವುದು, ಬೇಲಿಯಾಚೆ ನೆರೆಯವರ ಹೊಲಕ್ಕೆ ತಳ್ಳುವುದು, ಇವು ಮೂರೂ ತಿಗಣೆಯನ್ನು ಊರಿಗೆಲ್ಲ ಹಂಚುವ ದಾರಿಗಳು. ಗಿಡ ತುದಿಯಿಂದ ಬುಡದವರೆಗೆ ಹಿಡಿದಿದ್ದರೆ ಮರುಕ ಪಡದೆ ಮೊಣಕಾಲೆತ್ತರಕ್ಕೆ ಕಡಿಯಬೇಕು. ನೀರಿದ್ದರೆ ದಾಸವಾಳ ಬೇಗನೆ ಚಿಗುರುತ್ತದೆ.

ಅದೇ ದಿನ ಉಳಿದ ದಪ್ಪ ಕಡ್ಡಿಗಳ ಬಿರುಕುಗಳನ್ನೂ ಕವಲಿನ ಸಂದುಗಳನ್ನೂ ತೆಂಗಿನ ನಾರಿನಿಂದಲೋ ಹಳೆಯ ಹಲ್ಲುಜ್ಜುವ ಬ್ರಷಿನಿಂದಲೋ ಸೋಪಿನ ನೀರಿನಲ್ಲಿ ಅದ್ದಿ ಉಜ್ಜಬೇಕು. ಬುಡದ ಮಣ್ಣಿಗೆ ತಾಗಿರುವ ಭಾಗವನ್ನು ಮರೆಯುವುದೇ ಹೆಚ್ಚು. ಅಲ್ಲಿ ಉಳಿದ ಒಂದೆರಡು ಚೀಲಗಳಿಂದಲೇ ಮುಂದಿನ ತಿಂಗಳು ಪುನಃ ಬೇಲಿಯೆಲ್ಲ ಬೆಳ್ಳಗಾಗುತ್ತದೆ.

ಎರಡನೆಯ ದಿನ ಸಿಂಪಡಣೆ. ಒಂದು ಲೀಟರು ನೀರಿಗೆ 5 ಗ್ರಾಂ ಬಟ್ಟೆ ಒಗೆಯುವ ಬಾರ್ ಸೋಪಿನಂತೆ ತುರಿದು, ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ, ಅನಂತರ ತಣ್ಣೀರು ಬೆರೆಸಬೇಕು. ಒಂದು ಗಿಡಕ್ಕೆ ಎರಡು ಲೀಟರಿನಂತೆ ಇಪ್ಪತ್ತು ಗಿಡಗಳಿಗೆ 40 ಲೀಟರು ನೀರೂ 200 ಗ್ರಾಂ ಸೋಪೂ ಬೇಕಾಗುವುವು. ಒಂದು ಹಂತದಲ್ಲಿ ಕೊಳವೆಬಾವಿಯ ಗಡಸು ನೀರು ಕೆಲಸ ಕೆಡಿಸುವುದುಂಟು: ಸೋಪು ನೊರೆಯಾಗದೆ ಮೊಸರಿನಂತೆ ಒಡೆದು ತೇಲಿದರೆ ಆ ದ್ರವದಲ್ಲಿ ಬಲವಿಲ್ಲವೆಂದು ತಿಳಿಯಬೇಕು. ಅಂಥ ಕಡೆ ಕೆರೆಯ ಅಥವಾ ಮಳೆಯ ನೀರನ್ನು ಉಪಯೋಗಿಸತಕ್ಕದ್ದು. ಸೋಪಿಗೆ ಬದಲಾಗಿ ಖಾರವಾದ ಡಿಟರ್ಜೆಂಟ್ ಪುಡಿಯನ್ನು ಹಾಕಿದರೆ ಎಲೆಯಂಚು ಸುಡುವ ಅಪಾಯವಿದೆ. ಸೋಪೇ ಆದರೂ ಮೊದಲು ಒಂದು ಕೊಂಬೆಗೆ ಹೊಡೆದು ಮಾರನೆಯ ದಿನ ನೋಡುವುದು ಕ್ಷೇಮ. ಸಿಂಪಡಣೆ ಸಂಜೆಯಲ್ಲಿ, ಎಲೆಯ ಕೆಳಮಗ್ಗುಲಿಗೆ ತಾಗುವಂತೆ, ಗಿಡದಿಂದ ತೊಟ್ಟಿಕ್ಕುವಷ್ಟು ಆಗಬೇಕು. ಸೋಪಿನ ನೀರು ಮೈಗೆ ತಾಗಿದ ಹುಳುವನ್ನು ಮಾತ್ರ ಕೊಲ್ಲುತ್ತದೆ, ಒಣಗಿದ ಮೇಲೆ ಅದಕ್ಕೆ ಯಾವ ಶಕ್ತಿಯೂ ಇಲ್ಲ. ಗಾಳಿ ತೋಟದ ಕಡೆಗೆ ಬೀಸುತ್ತಿರುವಾಗ ಹೊಡೆಯಕೂಡದು. ಬೇಲಿಗೆ ಹತ್ತಿರದ ಎರಡು ಸಾಲಿನ ಸೊಪ್ಪನ್ನು ಆ ಬೆಳೆಯ ಹುಳುಗಳಿಗೆ ಕೊಡದಿರುವುದು ಮೇಲು. ಹಿಪ್ಪುನೇರಳೆಯ ಪಕ್ಕದಲ್ಲಿ ಕೀಟನಾಶಕ ವಿಷಗಳನ್ನು ಹೊಡೆಯುವ ಯೋಚನೆಯನ್ನೇ ಬಿಡಬೇಕು; ಸೊಪ್ಪಿನ ಮೇಲೆ ಬಿದ್ದ ಹನಿಯಿಂದ ಚಾಕಿಯೆಲ್ಲ ನಾಶವಾಗಬಹುದು.

ಸಿಂಪಡಣೆಯನ್ನು ಒಂಬತ್ತನೆಯ ದಿನವೂ ಹದಿನಾರನೆಯ ದಿನವೂ ತಪ್ಪದೆ ಮಾಡಬೇಕು. ಮೊದಲ ಸಿಂಪಡಣೆಯಾದ ಮೇಲೆ ಗಿಡ ಶುಚಿಯಾಗಿ ಕಾಣುವುದರಿಂದ ಬಹುಮಂದಿ ಇಲ್ಲಿಯೇ ಕೈಬಿಡುತ್ತಾರೆ. ಆದರೆ ಆ ದಿನ ಚೀಲಗಳಲ್ಲಿ ಅಡಗಿದ್ದ ಮೊಟ್ಟೆಗಳು ಒಡೆದು ಮರಿಗಳಾಗುವುದು ಈ ವಾರಗಳಲ್ಲಿಯೇ. ಮೂವತ್ತನೆಯ ದಿನ ಪ್ರತಿ ಗಿಡದ ಐದಾರು ಕುಡಿಗಳನ್ನು ಬಿಡಿಸಿ ನೋಡಿದಾಗ ಹೊಸ ಹತ್ತಿ ಕಾಣದಿದ್ದರೆ ಬೇಲಿ ಶುಚಿಯಾಯಿತೆಂದು ತಿಳಿಯಬಹುದು. ಕಂಡರೆ, ಆ ಕುಡಿಗಳನ್ನು ಕತ್ತರಿಸಿ ಇನ್ನೊಮ್ಮೆ ಸಿಂಪಡಿಸುವುದು.

ಇಷ್ಟು ಮಾಡಿದರೂ ಮತ್ತೆ ಮತ್ತೆ ಬರುವ ಬೇಲಿಯಲ್ಲಿ ಇರುವೆಗಳ ಸಾಲನ್ನು ಹುಡುಕಬೇಕು. ತಿಗಣೆ ಹೊರಹಾಕುವ ಸಿಹಿಯಂಟಿಗಾಗಿ ಇರುವೆಗಳು ಅದನ್ನು ದನಗಾಹಿಯಂತೆ ಕಾಯುತ್ತವೆ. ಅದನ್ನು ತಿನ್ನಬರುವ ಹುಳುಗಳನ್ನು ಓಡಿಸುತ್ತವೆ. ಕಾಂಡದ ಬುಡಕ್ಕೆ ದಪ್ಪ ಕಾಗದ ಸುತ್ತಿ, ಆ ಕಾಗದದ ಮೇಲೆ ಗಾಡಿಯ ಕೀಲೆಣ್ಣೆ ಬಳಿದರೆ ಇರುವೆ ಏರಲಾರದು. ತೊಗಟೆಗೆ ನೇರವಾಗಿ ಬಳಿಯಕೂಡದು. ಒಂದು ಕೊಂಬೆ ನೆಲಕ್ಕೋ ಗೋಡೆಗೋ ತಾಗಿದ್ದರೂ ಇರುವೆಗೆ ಅದೇ ಸೇತುವೆಯಾಗುವುದರಿಂದ ಅಂಥವನ್ನು ಸವರಿಬಿಡಬೇಕು.

ಇಲ್ಲಿ ಒಂದು ಎಚ್ಚರಿಕೆ ಅತ್ಯವಶ್ಯ. ಗೊಂಚಲುಗಳ ನಡುವೆ ಬಿಳಿಯ ಹುಳುಗಳೆಲ್ಲವೂ ಶತ್ರುಗಳಲ್ಲ. ಹಿಟ್ಟುತಿಗಣೆಯನ್ನೇ ತಿಂದು ಬದುಕುವ ಒಂದು ಜಾತಿಯ ಗುಲಗಂಜಿ ಹುಳುವನ್ನು 1898ರಲ್ಲಿ ಆಸ್ಟ್ರೇಲಿಯದಿಂದ ಭಾರತಕ್ಕೆ ತರಲಾಯಿತು. ಕ್ರಿಪ್ಟೋಲೀಮಸ್ ಎಂಬುದು ಅದರ ಶಾಸ್ತ್ರೀಯ ಹೆಸರು. ಬೆಳೆದ ಹುಳು ಕಪ್ಪುಗಂದು ಬೆನ್ನಿನದಾಗಿದ್ದು ತಲೆಯೂ ಹಿಂಭಾಗವೂ ಕಿತ್ತಳೆ ಬಣ್ಣವಾಗಿರುತ್ತದೆ. ಅದನ್ನು ಗುರುತಿಸುವುದು ಕಷ್ಟವಲ್ಲ. ಅದರ ಮರಿಯಾದರೋ ತಾನೂ ಬಿಳಿಯ ಮೇಣದ ಎಳೆಗಳನ್ನು ಹೊದ್ದು ತಿಗಣೆಯಂತೆಯೇ ತೋರುವುದರಿಂದ, ರೈತರು ತಮ್ಮ ಸಹಾಯಕನನ್ನೇ ಉಜ್ಜಿ ಕೊಲ್ಲುತ್ತಾರೆ. ಈ ಮರಿ ಒಂದು ಸೆಂಟಿಮೀಟರಿಗಿಂತಲೂ ಉದ್ದ ಬೆಳೆಯುತ್ತದೆ, ಅದರ ಎಳೆಗಳು ನೀಳವಾಗಿ ಜಡೆಯಂತಿರುತ್ತವೆ, ಮುಟ್ಟಿದರೆ ಚುರುಕಾಗಿ ನಡೆಯುತ್ತದೆ. ತಿಗಣೆ ಸಣ್ಣದು, ಜಡ. ಇಂಥ ಮರಿಗಳು ಹೇರಳವಾಗಿರುವ ಗಿಡಕ್ಕೆ ಸೋಪನ್ನು ಹೊಡೆಯದೆ ಎರಡು ವಾರ ಕಾದು ನೋಡುವುದೇ ಜಾಣತನ.

ಬೇಲಿ ಬಹು ಉದ್ದವಾಗಿದ್ದು ಕೈಕೆಲಸ ಸಾಗದಿದ್ದರೆ ಅಥವಾ ಟುಕ್ರ ಆಗಲೇ ತೋಟವನ್ನು ಸೇರಿದ್ದರೆ, ಈ ಹುಳುಗಳನ್ನು ತರಿಸಿ ಬಿಡಬಹುದು. ಹಿಪ್ಪುನೇರಳೆಗೆ ಎಕರೆಗೆ 250 ಹುಳುಗಳೆಂಬುದು ರೂಢಿಯ ಪ್ರಮಾಣ. ಹುಳು ಬಿಡುವುದನ್ನೂ ಸೋಪು ಹೊಡೆಯುವುದನ್ನೂ ಒಂದೇ ವಾರದಲ್ಲಿ ಮಾಡಕೂಡದು. ತಿಗಣೆಯೇ ಇಲ್ಲದ ಗಿಡದಲ್ಲಿ ಬಿಟ್ಟರೆ ಅವು ಆಹಾರವಿಲ್ಲದೆ ಹಾರಿಹೋಗುತ್ತವೆ.

ಕಾಗದದ ಪರೀಕ್ಷೆಯಲ್ಲಿ ಹಳದಿ ಕಂಡವರು ತಿಳಿಯಬೇಕಾದುದು ಇಷ್ಟು. ಪರಂಗಿಯ ಹಿಟ್ಟುತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡು, ಪರಂಗಿ, ಹಿಪ್ಪುನೇರಳೆ, ದಾಸವಾಳಗಳನ್ನು ಬಹಳವಾಗಿ ಕೆಡಿಸಿತು. 2010ರಲ್ಲಿ ಪೋರ್ಟೊರಿಕೊ ದ್ವೀಪದಿಂದ ತರಿಸಿದ ಒಂದು ಸಣ್ಣ ಕಣಜ ಅದನ್ನು ಹತೋಟಿಗೆ ತಂದಿತು. ಈ ಕಣಜ ತಿಗಣೆಯ ಮೈಯೊಳಗೆ ಮೊಟ್ಟೆಯಿಡುವುದು. ಅಂಥ ತಿಗಣೆಗಳು ಊದಿ ಗಟ್ಟಿಯಾಗಿ ಕಂದುಬಣ್ಣಕ್ಕೆ ತಿರುಗುತ್ತವೆ. ಇವು ಕಾಣುವ ಕಡ್ಡಿಗಳನ್ನು ಸುಡದೆ ಗಿಡದಲ್ಲಿಯೇ ಬಿಟ್ಟರೆ ಕಣಜಗಳು ತೂತುಮಾಡಿ ಹೊರಟು ಉಳಿದ ತಿಗಣೆಗಳನ್ನು ಹುಡುಕಿಕೊಳ್ಳುತ್ತವೆ.

ಬೇಲಿಯ ಖಾಲಿ ಜಾಗಗಳಿಗೆ ಹೊಸ ಕಡ್ಡಿ ನೆಡುವಾಗ ತಿಗಣೆ ಹಿಡಿದ ಬೇಲಿಯಿಂದ ಕಡ್ಡಿಯನ್ನು ತರಕೂಡದು. ಬೇರೆ ಕಡೆಯಿಂದ ತಂದುದಾದರೂ ಎಲೆಗಳನ್ನು ಸವರಿ, ಮೇಲೆ ಹೇಳಿದ ಸೋಪಿನ ನೀರಿನಲ್ಲಿ ಅದ್ದಿ, ಗೆಣ್ಣುಗಳನ್ನು ಬೆರಳಿನಿಂದ ಉಜ್ಜಿ, ಒಳ್ಳೆಯ ನೀರಿನಲ್ಲಿ ತೊಳೆದು ನೆಡತಕ್ಕದ್ದು.