‘ಟೇಬಲ್’ ಆದ ಪ್ರಸ್ತಾವ, ಮಳೆಯಲ್ಲಿ ನೆನೆದ ತಾತ

ಕಳೆದ ಅಕ್ಟೋಬರಿನ ಒಂದು ಮಧ್ಯಾಹ್ನ ನಮ್ಮ ಮಕ್ಕಳ ಶಾಲೆಯ ಉತ್ತರ ಬದಿಯ ಪಾರ್ಕಿಂಗ್ ಜಾಗದಲ್ಲಿ ಒಬ್ಬ ತಾತ ಕೊಡೆ ಹಿಡಿದು ಇಪ್ಪತ್ತು ನಿಮಿಷ ನಿಂತಿದ್ದರು. ಮೊಮ್ಮಗಳು ಎಂದಿನಂತೆ ಶಾಲೆಯ ಮುಂಬಾಗಿಲಲ್ಲಿ ಕಾಯುತ್ತ, ಕೊನೆಗೆ ಅಳುತ್ತ, ಆಫೀಸಿಗೆ ಹೋಗಿ ಕುಳಿತಳು. ಸಿಯಾಟಲ್ ಕಡೆಯ ಶರತ್ಕಾಲದ ಮಳೆ ನಿಮಗೆ ಗೊತ್ತಲ್ಲ, ಜೋರಾಗಿ ಸುರಿಯುವುದಿಲ್ಲ, ಆದರೆ ನಿಲ್ಲುವುದೂ ಇಲ್ಲ. ತಾತ ತಪ್ಪು ಜಾಗಕ್ಕೆ ಹೋದದ್ದಕ್ಕೆ ಕಾರಣ ಒಂದು ಕಾಗದ. ಆ ಕಾಗದ ಬರೆದದ್ದು ನಾನು.

ಆ ವರ್ಷ ನಮ್ಮ ಪಿಟಿಎಗೆ, ಅಂದರೆ ಪೋಷಕರ ಮತ್ತು ಶಿಕ್ಷಕರ ಸಂಘಕ್ಕೆ, ನಾನು ಕಾರ್ಯದರ್ಶಿ. ಪಿಎಚ್‌ಡಿ ಮಾಡಿದವರು, ಬರೆಯಲು ಬರುತ್ತದೆ ಎಂದು ಎಲ್ಲರೂ ಸೇರಿ ಆ ಕೆಲಸ ನನ್ನ ತಲೆಗೆ ಕಟ್ಟಿದ್ದರು. ಕೆಲಸ ಮುಖ್ಯವಾಗಿ ಒಂದೇ: ಸಭೆಯ ನಡಾವಳಿ ಬರೆಯುವುದು. ಊರಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ನಡಾವಳಿ ಪುಸ್ತಕ ಇಡುತ್ತಾರಲ್ಲ, ಹಾಗೆಯೇ. ಶಾಲೆಯ ವೇಳೆ ಮುಗಿದಾಗ ಮಕ್ಕಳನ್ನು ಕರೆದೊಯ್ಯುವ ಜಾಗವನ್ನು ಮುಂಬಾಗಿಲಿನಿಂದ ಉತ್ತರದ ಪಾರ್ಕಿಂಗ್‌ಗೆ ಬದಲಿಸಬೇಕೇ ಎಂಬ ಚರ್ಚೆ ಅಂದಿನ ಸಭೆಯಲ್ಲಿ ಬಂತು. ರಸ್ತೆ ದಾಟಿಸುವವರು ಸಾಕಷ್ಟು ಸಿಗುತ್ತಾರೋ ಇಲ್ಲವೋ ತಿಳಿಯದೆ ಮಾತು ಮುಂದಿನ ಸಭೆಗೆ ಹೋಯಿತು. ನಾನು ಅದನ್ನು ಇಂಗ್ಲಿಷಿನಲ್ಲಿ ಒಂದೇ ವಾಕ್ಯದಲ್ಲಿ ಬರೆದೆ. ಕನ್ನಡದಲ್ಲಿ ಅದರ ಧಾಟಿ ಹೀಗಿತ್ತು: ‘ಚರ್ಚೆಯ ತರುವಾಯ, ಸಾರಿಗೆ ವಿಭಾಗದ ಅನುಮೋದನೆಗೆ ಒಳಪಟ್ಟು ಮಧ್ಯಾಹ್ನದ ನಿರ್ಗಮನವನ್ನು ಮುಂಭಾಗದಿಂದ ಉತ್ತರದ ಪಾರ್ಕಿಂಗ್ ಪ್ರದೇಶಕ್ಕೆ ಸ್ಥಳಾಂತರಿಸುವ ಪ್ರಸ್ತಾವವನ್ನು, ರಸ್ತೆ ದಾಟಿಸುವ ಸಿಬ್ಬಂದಿಯ ಲಭ್ಯತೆಯ ಕುರಿತ ಹೆಚ್ಚಿನ ಮಾಹಿತಿ ಬರುವವರೆಗೆ ಟೇಬಲ್ ಮಾಡಲಾಯಿತು.’

ಆ ಕೊನೆಯ ‘ಟೇಬಲ್’ ಎಂಬ ಪದವೇ ತಾತನನ್ನು ಮಳೆಗೆ ಕಳಿಸಿದ್ದು. ನಾವು ಭಾರತದಲ್ಲಿ ಕಲಿತ ಇಂಗ್ಲಿಷಿನಲ್ಲಿ, ಬ್ರಿಟಿಷರ ಹಾಗೆಯೇ, ಒಂದು ವಿಷಯ ‘ಟೇಬಲ್ ಆಯಿತು’ ಎಂದರೆ ಸಭೆಯ ಮುಂದೆ ಇಟ್ಟರು ಎಂದರ್ಥ. ವಿಧಾನಸಭೆಯಲ್ಲಿ ವರದಿ ಮಂಡನೆ ಎಂದು ಪತ್ರಿಕೆಗಳು ಬರೆಯುತ್ತವಲ್ಲ, ಅದೇ ಅರ್ಥ. ಅಮೆರಿಕದಲ್ಲಿ ಅದರ ಅರ್ಥ ತೀರಾ ಉಲ್ಟಾ, ಅಂದರೆ ಸದ್ಯಕ್ಕೆ ಬದಿಗಿಟ್ಟರು ಎಂದು. ತಾತನ ಸೊಸೆ ತುಮಕೂರಿನ ಕಡೆಯವರು, ಇಂಗ್ಲಿಷ್ ಚೆನ್ನಾಗಿಯೇ ಬಲ್ಲವರು. ಕೆಲಸದ ಗಡಿಬಿಡಿಯಲ್ಲಿ ಓದಿ, ಪ್ರಸ್ತಾವ ಮಂಡನೆಯಾಗಿ ಪಾಸಾಗಿದೆ ಎಂದುಕೊಂಡು ಮಾವನಿಗೆ ಫೋನಿನಲ್ಲಿ ‘ಇನ್ನು ಮೇಲೆ ಹಿಂದುಗಡೆ ಪಾರ್ಕಿಂಗ್‌ಗೆ ಹೋಗಿ ಮಾವ’ ಎಂದು ಹೇಳಿದರು. ಕಡಿಮೆ ಇಂಗ್ಲಿಷ್ ಬಲ್ಲವರಿಗೆ ಮಾತ್ರ ಕಷ್ಟ ಎಂದು ನಾನು ತಿಳಿದಿದ್ದೆ. ಇಲ್ಲಿ ಎಡವಿದ್ದು ಬೇರೊಂದು ಇಂಗ್ಲಿಷನ್ನು ಚೆನ್ನಾಗಿ ಕಲಿತವರು.

ಆ ಪದ ಅಮೆರಿಕದ ಸಭಾ ನಿಯಮದ ಪ್ರಕಾರವೂ ಸರಿಯಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಇಲ್ಲಿನ ಸಂಘಗಳು ಹೆಚ್ಚಾಗಿ ಅನುಸರಿಸುವುದು ‘ರಾಬರ್ಟ್ಸ್ ರೂಲ್ಸ್ ಆಫ್ ಆರ್ಡರ್’ ಎಂಬ ಪುಸ್ತಕವನ್ನು. ಹೆನ್ರಿ ರಾಬರ್ಟ್ ಎಂಬ ಸೇನೆಯ ಎಂಜಿನಿಯರ್ 1876ರಲ್ಲಿ ಮೊದಲು ಪ್ರಕಟಿಸಿದ್ದು. ಅದರ ಪ್ರಕಾರ ‘ಟೇಬಲ್ ಮೇಲಿಡುವುದು’ ಎಂದರೆ ಅದಕ್ಕಿಂತ ತುರ್ತಿನ ಕೆಲಸ ಬಂದಾಗ ಕೈಯಲ್ಲಿದ್ದ ವಿಷಯವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡುವುದು. ಮುಂದಿನ ಸಭೆಗೆ ಕಳಿಸುವುದಕ್ಕೆ ಇರುವ ಹೆಸರು ಬೇರೆ, ಸುಮ್ಮನೆ ‘ಮುಂದೂಡುವುದು’. ಅಂದರೆ ಸರಳ ಪದವೇ ನಿಯಮಕ್ಕೂ ಸರಿಯಾದ ಪದವಾಗಿತ್ತು. ನಾನು ಗಂಭೀರವಾಗಿ ಕಾಣಲಿ ಎಂದು ಇನ್ನೊಂದನ್ನು ಹಾಕಿದ್ದೆ.

ಅದೇ ಪುಸ್ತಕ ಹೇಳುವ ಇನ್ನೊಂದು ಮಾತು ನಡಾವಳಿ ಬರೆಯುವವರಿಗೆ ದೊಡ್ಡ ನೆರವು: ಸಭೆಯಲ್ಲಿ ಏನು ಮಾಡಿದರು ಎಂಬುದನ್ನು ಬರೆಯಿರಿ, ಯಾರು ಏನು ಮಾತಾಡಿದರು ಎಂಬುದನ್ನಲ್ಲ. ಇದರಿಂದ ಮೂರು ಪುಟ ಒಂದೂವರೆ ಪುಟವಾಗುತ್ತದೆ. ಯಾರದೋ ಮಗುವಿನ ತೊಂದರೆಯನ್ನು ತಾಯಿಯೊಬ್ಬರು ಸಭೆಯಲ್ಲಿ ಹೇಳಿಕೊಂಡದ್ದು ಕಾಗದದಲ್ಲಿ ಉಳಿಯುವುದೂ ತಪ್ಪುತ್ತದೆ.

ನಾನು ಲ್ಯಾಬಿನ ಮನುಷ್ಯ, ಅಳೆಯದೆ ಇರಲಾರೆ. ಇಂಗ್ಲಿಷ್ ಬರಹ ಎಷ್ಟನೇ ತರಗತಿಯ ಮಟ್ಟದ್ದು ಎಂದು ಅಂದಾಜಿಸುವ ಒಂದು ಹಳೆಯ ಸೂತ್ರವಿದೆ, ಫ್ಲೆಶ್-ಕಿನ್ಕೇಡ್ ಎಂದು. 1975ರಲ್ಲಿ ಅಮೆರಿಕದ ನೌಕಾಪಡೆ ತನ್ನ ಕೈಪಿಡಿಗಳಿಗಾಗಿ ಮಾಡಿಸಿಕೊಂಡದ್ದು.

```
0.39 × (words ÷ sentences) + 11.8 × (syllables ÷ words) − 15.59
```

ಕ್ರಮವಾಗಿ ಪದಗಳು, ವಾಕ್ಯಗಳು, ಉಚ್ಚಾರಾಂಶಗಳು. ನನ್ನ ಇಂಗ್ಲಿಷ್ ವಾಕ್ಯದಲ್ಲಿ 31 ಪದ, 71 ಉಚ್ಚಾರಾಂಶ. ಲೆಕ್ಕ ಹಾಕಿದರೆ 23.5 ಬಂತು. ಹನ್ನೆರಡನೇ ತರಗತಿಗೆ ಶಾಲೆಯೇ ಮುಗಿಯುತ್ತದೆ, ಆಮೇಲೆ ಪದವಿ, ಪಿಎಚ್‌ಡಿ ಎಲ್ಲ ಕೂಡಿಸಿದರೂ 23 ವರ್ಷ ಕೂತು ಓದಿದವರು ಕಡಿಮೆ.

ಮತ್ತೆ ಬರೆದೆ. ಈ ಸಲ ಐದು ವಾಕ್ಯ: ‘ಮಕ್ಕಳನ್ನು ಕರೆದೊಯ್ಯುವ ಜಾಗ ಬದಲಾಗಿಲ್ಲ. ಈಗಿನಂತೆ ಶಾಲೆಯ ಮುಂಬಾಗಿಲಲ್ಲೇ ಮಗುವನ್ನು ಕರೆದುಕೊಳ್ಳಿ. ಹೊಸ ಜಾಗದ ಬಗ್ಗೆ ನಾವು ಮತ ಹಾಕಲಿಲ್ಲ. ನವೆಂಬರ್ 13, ಗುರುವಾರ ಮತ್ತೆ ಮಾತಾಡುತ್ತೇವೆ. ಕೊನೆಯ ತೀರ್ಮಾನ ಪ್ರಿನ್ಸಿಪಾಲರದ್ದು.’ ಇಂಗ್ಲಿಷಿನಲ್ಲಿ ಇದು 38 ಪದ, 50 ಉಚ್ಚಾರಾಂಶ. ಸೂತ್ರ ಕೊಟ್ಟ ಉತ್ತರ 2.9. ಪದಗಳು ಕಡಿಮೆಯಾಗಿಲ್ಲ, ಏಳು ಹೆಚ್ಚಾಗಿವೆ. ಸುಲಭವಾಗಿ ಬರೆಯುವುದೆಂದರೆ ಚಿಕ್ಕದಾಗಿ ಬರೆಯುವುದು ಎಂದು ನಾನೂ ನಂಬಿದ್ದೆ.

ಆದರೆ ಸೂತ್ರ ಹೇಳದ ಸಂಗತಿಗಳೇ ಇಲ್ಲಿ ಹೆಚ್ಚು ಮುಖ್ಯ. ಹಳೆಯ ವಾಕ್ಯದಲ್ಲಿ ತಂದೆತಾಯಿ ತಿಳಿಯಬೇಕಾದ ಒಂದೇ ವಿಷಯ, ಅಂದರೆ ‘ಏನೂ ಬದಲಾಗಿಲ್ಲ’ ಎಂಬುದು, ಎಲ್ಲೂ ಇರಲಿಲ್ಲ. ಓದುವವರು ತಾವೇ ಊಹಿಸಿಕೊಳ್ಳಬೇಕಿತ್ತು. ಜಾಗ ಬದಲಿಸುವ ಅಧಿಕಾರ ಪಿಟಿಎಗೆ ಇಲ್ಲ, ಅದು ಶಿಫಾರಸು ಮಾಡಬಹುದು ಅಷ್ಟೇ ಎಂಬುದೂ ಇರಲಿಲ್ಲ. ‘ಮಾಡಲಾಯಿತು’, ‘ತೀರ್ಮಾನಿಸಲಾಯಿತು’ ಎಂದು ಬರೆದಾಗ ಮಾಡಿದವರು ಯಾರು ಎಂಬುದು ಜಾರಿಹೋಗುತ್ತದೆ. ಊರಿನ ನಡಾವಳಿ ಪುಸ್ತಕದ ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂಬ ಸಾಲು ನನ್ನ ಕಿವಿಯಲ್ಲೇ ಉಳಿದಿತ್ತೋ ಏನೋ. ‘ತೀರ್ಮಾನ ಪ್ರಿನ್ಸಿಪಾಲರದ್ದು’ ಎಂದು ಹಾಕುವಾಗ ಮಾತ್ರ ನಾನು ಇದನ್ನು ಗಮನಿಸಿದೆ.

‘ಟೇಬಲ್’ ಎಂಬುದು ಸೂತ್ರದ ಕಣ್ಣಿಗೆ ಎರಡೇ ಉಚ್ಚಾರಾಂಶದ ಸುಲಭ ಪದ ಎಂಬುದನ್ನೂ ನೋಡಿ. ಕನ್ನಡಕ್ಕಂತೂ ಈ ಸೂತ್ರ ಬೇಡವೇ ಬೇಡ. ‘ಹೋಗಬೇಕಾಗಿದ್ದವರಿಗೆ’ ಎಂಬ ಒಂದು ಪದವನ್ನು ನಮ್ಮ ಯಾವ ಅಜ್ಜಿಯೂ ಸಲೀಸಾಗಿ ಓದುತ್ತಾರೆ. ಅದರಲ್ಲಿ ಒಂಬತ್ತು ಅಕ್ಷರ, ಸೂತ್ರಕ್ಕೆ ಹಾಕಿದರೆ 91ನೇ ತರಗತಿ ಎನ್ನುತ್ತದೆ!

ಹಾಗಾಗಿ ಅಂಕಿಯನ್ನು ಪಕ್ಕಕ್ಕಿಟ್ಟು ಜನರನ್ನೇ ಕೇಳತೊಡಗಿದೆ. ಇದರಲ್ಲೂ ಮೊದಲ ಸಲ ತಪ್ಪಿದೆ. ‘ಅರ್ಥ ಆಯ್ತಾ?’ ಎಂದು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ, ಅದರಲ್ಲೂ ನಮ್ಮವರು. ಈಗ ಕಾಗದವನ್ನು ಕೈಗೆ ಕೊಟ್ಟು, ಓದಿದ ಮೇಲೆ ಮೂರೇ ಪ್ರಶ್ನೆ ಕೇಳುತ್ತೇನೆ. ನಾಳೆ ಮಗುವನ್ನು ಎಲ್ಲಿಂದ ಕರೆದುಕೊಳ್ಳುತ್ತೀರಿ? ಇದರಲ್ಲಿ ನೀವು ಮಾಡಬೇಕಾದ್ದು ಏನಾದರೂ ಇದೆಯೇ, ಯಾವ ದಿನದೊಳಗೆ? ಸಂದೇಹ ಬಂದರೆ ಯಾರನ್ನು ಕೇಳುತ್ತೀರಿ? ಇಂಗ್ಲಿಷ್ ಮನೆಮಾತಲ್ಲದ ಒಬ್ಬರು, ಸಭೆಗೆ ಬಾರದ ಒಬ್ಬರು, ಶಾಲೆಗೆ ಹೊಸಬರು ಒಬ್ಬರು, ಹೀಗೆ ಮೂವರು ಸಾಕು. ಉತ್ತರ ತಪ್ಪಿದರೆ ತಪ್ಪು ಅವರದ್ದಲ್ಲ, ಆ ಸಾಲಿನದ್ದು. ಹೀಗೆ ಕೇಳಿದ್ದರಿಂದಲೇ ಇನ್ನೊಂದು ಗುಂಡಿ ಕಂಡಿತು. ನಾನು ಒಂದು ಕಡೆ ದಿನಾಂಕವನ್ನು 11/12 ಎಂದು ಹಾಕಿದ್ದೆ. ಅಮೆರಿಕದವರಿಗೆ ಅದು ನವೆಂಬರ್ 12. ಊರಿನಿಂದ ಆಗಷ್ಟೇ ಬಂದಿದ್ದ ಒಬ್ಬ ತಂದೆ ಡಿಸೆಂಬರ್ 11 ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದರು. ತಿಂಗಳ ಹೆಸರು, ವಾರದ ದಿನ ಎರಡನ್ನೂ ಬರೆದರೆ ಈ ಗೊಂದಲವಿಲ್ಲ.

ಹಾಗೆಂದು ಅಧಿಕೃತ ನಡಾವಳಿಯನ್ನು ಬಿಡುವಂತಿಲ್ಲ. ಯಾರ ಅಧ್ಯಕ್ಷತೆ, ಕೋರಂ ಇತ್ತೇ, ಪ್ರಸ್ತಾವದ ಮಾತು ಯಾವುದು, ಮತದ ಫಲ ಏನು, ಇವು ಸಂಘದ ದಾಖಲೆಗೆ ಬೇಕೇ ಬೇಕು; ಹಣದ ವಿಷಯದಲ್ಲಂತೂ ಒಂದು ಪದವೂ ಆಚೀಚೆ ಆಗಬಾರದು. ನಾನು ಮಾಡಿಕೊಂಡ ದಾರಿ ಇದು: ಅದೇ ಕಾಗದದ ತಲೆಯಲ್ಲಿ ದೊಡ್ಡ ಅಕ್ಷರದಲ್ಲಿ ಅರ್ಧ ಪುಟ, ಬದಲಾದದ್ದು, ಬದಲಾಗದ್ದು, ನೀವು ಮಾಡಬೇಕಾದ್ದು ಎಂದು. ಕೆಳಗೆ ಗೆರೆ ಎಳೆದು ಪೂರ್ಣ ನಡಾವಳಿ. ಎರಡನ್ನೂ ಬೇರೆ ಬೇರೆ ಕಡತವಾಗಿ ಕಳಿಸಿದರೆ ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲಿ ಉಳಿಯುತ್ತದೆ, ಆಗ ಯಾವುದು ನಿಜ ಎಂಬ ಹೊಸ ಜಗಳ. ಮುಂದಿನ ಸಭೆ ಒಪ್ಪುವವರೆಗೆ ನಡಾವಳಿ ಕರಡು ಮಾತ್ರ, ಆದ್ದರಿಂದ ‘ಇನ್ನೂ ಒಪ್ಪಿಗೆಯಾಗಿಲ್ಲ’ ಎಂಬ ಸಾಲೂ ಮೇಲೆಯೇ ಇರುತ್ತದೆ.

‘ಇಷ್ಟು ಸರಳ ಮಾಡಿದರೆ ಓದಿದವರಿಗೆ ಅವಮಾನವಲ್ಲವೇ?’ ಎಂದು ಸಮಿತಿಯಲ್ಲಿ ಒಬ್ಬರು ಕೇಳಿದರು. ಈ ರಾಜ್ಯದ್ದೇ ಉದಾಹರಣೆ ಕೊಟ್ಟೆ. 2005ರಲ್ಲಿ ಆಗಿನ ಗವರ್ನರ್ ಕ್ರಿಸ್ಟೀನ್ ಗ್ರೆಗೊಯರ್ ಅವರು, ಸರ್ಕಾರಿ ಇಲಾಖೆಗಳು ಜನರಿಗೆ ಅರ್ಥವಾಗುವ ಮಾತಿನಲ್ಲೇ ಬರೆಯಬೇಕೆಂದು ‘ಪ್ಲೇನ್ ಟಾಕ್’ ಎಂಬ ಆದೇಶ ಹೊರಡಿಸಿದ್ದರು. ತೆರಿಗೆಯ ಪತ್ರ ಸರಳವಾಗಿರಬಹುದಾದರೆ ಮಕ್ಕಳನ್ನು ಎಲ್ಲಿಂದ ಕರೆದೊಯ್ಯಬೇಕು ಎಂಬುದು ಯಾಕೆ ಕಠಿಣವಾಗಿರಬೇಕು?

ಸರಳ ಇಂಗ್ಲಿಷಿಗೂ ಒಂದು ಗಡಿ ಇದೆ ಅನ್ನಿ. ಇಂಗ್ಲಿಷೇ ಬಾರದವರಿಗೆ ಮೂರನೇ ತರಗತಿಯ ಇಂಗ್ಲಿಷೂ ಇಂಗ್ಲಿಷೇ. ನಿಮ್ಮ ಮನೆಯಲ್ಲಿ ಅಂಥವರು ಮಗುವಿನ ಜವಾಬ್ದಾರಿ ನೋಡಿಕೊಳ್ಳುತ್ತಿದ್ದರೆ, ಶಾಲೆಯೊಂದಿಗಿನ ಮುಖ್ಯ ಮಾತುಕತೆಗೆ ದುಭಾಷಿಯನ್ನು ಕೇಳಿ. ಅದಕ್ಕೆ ನೀವು ಹಣ ಕೊಡಬೇಕಿಲ್ಲ. ಪಿಟಿಎ ಶಾಲೆಯ ಭಾಗವಲ್ಲ, ಬೇರೆಯೇ ಸಂಸ್ಥೆ, ಅದರ ಕಾಗದಕ್ಕೆ ಅನುವಾದ ತಾನಾಗಿ ಬರುವುದಿಲ್ಲ. ನಮ್ಮಲ್ಲಿ ತಲೆಯ ಅರ್ಧ ಪುಟವನ್ನು ಮಾತ್ರ ಪೋಷಕರೇ ತಂತಮ್ಮ ಭಾಷೆಗೆ ತರುತ್ತಾರೆ. ಕನ್ನಡದ್ದು ನನ್ನ ಪಾಲು. ವಾಕ್ಯಗಳು ಚಿಕ್ಕವಾಗಿರುವುದರಿಂದ ಹದಿನೈದು ನಿಮಿಷದ ಕೆಲಸ.

ನವೆಂಬರ್ ಸಭೆಯಲ್ಲಿ ಹಿಂದಿನ ನಡಾವಳಿ ಒಪ್ಪಿಗೆಗೆ ಬಂದಾಗ ನಾನೇ ಕೈ ಎತ್ತಿ ಒಂದು ತಿದ್ದುಪಡಿ ಕೇಳಿದೆ: ‘ಟೇಬಲ್’ ತೆಗೆದು ‘ಮುಂದೂಡಲಾಗಿದೆ’ ಎಂದು ಹಾಕಬೇಕು. ಒಪ್ಪಿಗೆಯಾಯಿತು. ತಾತ ಅಂದು ಸೊಸೆಯ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಕನ್ನಡದ ಅರ್ಧ ಪುಟವನ್ನು ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿ, ‘ಮುಂಬಾಗಿಲಲ್ಲೇ ತಾನೇ?’ ಎಂದು ಕೇಳಿದರು. ನಾನು ಪ್ರಶ್ನೆ ಕೇಳುವ ಮೊದಲೇ ಉತ್ತರ ಬಂದಿತ್ತು.